ಪರದೆ ಮೇಲೆ ನಾಲ್ಕು ಪಟ್ಟು, ಬಾಗಿಲಿಗೆ ವಾಪಸ್ ಬಂದ ಪಾರ್ಸಲ್‌ಗಳು

ಇವತ್ತು ಮತ್ತೆ ಆರು ಪಾರ್ಸಲ್ ವಾಪಸ್ ಬಂದವು. ಆರೂ ಕ್ಯಾಶ್ ಆನ್ ಡೆಲಿವರಿ. ಒಂದರ ಮೂಲೆ ನೆನೆದು ಮೆತ್ತಗಾಗಿದೆ. ಇನ್ನೊಂದರ ಮೇಲಿರುವ ಟೇಪು ನಾನು ಹಾಕಿದ್ದೇ ಅಲ್ಲ, ಯಾರೋ ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದಾರೆ. ಅದನ್ನು ಹೊಸದೆಂದು ಇನ್ನೊಬ್ಬರಿಗೆ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಬೇರೆ ಇದೆ. ಜಾಹೀರಾತಿನ ಡ್ಯಾಶ್‌ಬೋರ್ಡಿನಲ್ಲಿ ಈ ಆರೂ ಇನ್ನೂ ಮಾರಾಟವಾದ ಲೆಕ್ಕದಲ್ಲೇ ಕೂತಿವೆ! ಗಿರಾಕಿ ಆರ್ಡರ್ ಒತ್ತಿ ಥ್ಯಾಂಕ್ ಯೂ ಪುಟ ತೆರೆದ ಕ್ಷಣಕ್ಕೇ, ನನ್ನ ವೆಬ್‌ಸೈಟಿನಲ್ಲಿ ಕೂರಿಸಿರುವ ಪಿಕ್ಸೆಲ್ ಅನ್ನುವ ಪುಟ್ಟ ಕೋಡು ಜಾಹೀರಾತು ವೇದಿಕೆಗೆ `Purchase` ಎಂದು ಸುದ್ದಿ ಕಳಿಸಿಬಿಡುತ್ತದೆ. ದುಡ್ಡು ಕೈಗೆ ಬಂತೇ, ಬಾಗಿಲಲ್ಲಿ ಬೇಡ ಅಂದರೇ, ಅದಕ್ಕೆ ಗೊತ್ತಿಲ್ಲ. ನಾವಾಗಿ ತಿಳಿಸದಿದ್ದರೆ ಯಾವತ್ತೂ ಗೊತ್ತಾಗುವುದೂ ಇಲ್ಲ.

ಕಳೆದ ತಿಂಗಳ 100 ಆರ್ಡರನ್ನು ಕೂತು ಲೆಕ್ಕ ಹಾಕಿದೆ. ಸುಲಭವಾಗಲೆಂದು ಮಾಲಿನ ಬೆಲೆ 1000 ಅಂದುಕೊಳ್ಳಿ. ಅಸಲು 450, ಪ್ಯಾಕಿಂಗು ಮತ್ತು ಕಳಿಸುವ ಖರ್ಚು 100, ನನಗೆ ಉಳಿಯುವುದು 450. ಜಾಹೀರಾತಿಗೆ ಹಾಕಿದ್ದು 25,000. ಡ್ಯಾಶ್‌ಬೋರ್ಡು ಒಂದು ಲಕ್ಷದ ಮಾರಾಟ ತೋರಿಸಿತು, ರೋಆಸ್, ಅಂದರೆ ಜಾಹೀರಾತಿನ ಖರ್ಚಿನ ಎಷ್ಟು ಪಟ್ಟು ಮಾರಾಟ ಅನ್ನುವ ಲೆಕ್ಕ, ನಾಲ್ಕು. ಹಾಗಿದ್ದರೆ ಜಾಹೀರಾತಿನ ಖರ್ಚು ಕಳೆದು 20,000 ಉಳಿಯಬೇಕಿತ್ತು.

ಆದರೆ 24 ಪಾರ್ಸಲ್ ವಾಪಸ್ ಬಂದವು. ತಲುಪಿದ್ದು 76, ಅಂದರೆ ನಿಜವಾದ ರೋಆಸ್ ಮೂರರ ಆಸುಪಾಸು. ನಾಲ್ಕು ಮೂರಾಯಿತು, ಅಷ್ಟೇ ತಾನೇ ಅನ್ನುವವರು ಮುಂದಿನ ಲೆಕ್ಕ ನೋಡಲಿ. 76ರಿಂದ ಉಳಿದದ್ದು 34,200. ವಾಪಸ್ ಬಂದ ಒಂದೊಂದಕ್ಕೂ ಹೋಗುವಾಗ 100, ಬರುವಾಗ 70, ಒಟ್ಟು 4,080 ಕೈಬಿಟ್ಟು ಹೋಯಿತು. ನಾಲ್ಕು ಮಾಲು ಕೆಟ್ಟು ಬಂದವು, ಅಲ್ಲಿಗೆ 1,800. ಜಾಹೀರಾತಿನ 25,000 ಕಳೆದರೆ ಕೈಗೆ ಉಳಿದದ್ದು 3,320. ಇಪ್ಪತ್ತು ಸಾವಿರ ಅಂದುಕೊಂಡು ಮುಂದಿನ ತಿಂಗಳಿಗೆ ಮಾಲು ತರಿಸಿದ್ದೆ ನಾನು!

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆ ತಿಂಗಳು ಓಡಿಸಿದ್ದು ಎರಡು ಜಾಹೀರಾತು, ಎರಡಕ್ಕೂ 12,500. ಮೊದಲನೆಯದು "ಈಗ ದುಡ್ಡು ಬೇಡ, ಮನೆಗೆ ಬಂದ ಮೇಲೆ ಕೊಡಿ" ಅನ್ನುವ ವಿಡಿಯೊ, 60 ಆರ್ಡರ್ ತಂದಿತು. ಎರಡನೆಯದರಲ್ಲಿ ಮಾಲಿನ ಅಳತೆ, ಬಟ್ಟೆಯ ದಪ್ಪ, ಒಗೆದ ಮೇಲೆ ಹೇಗಿರುತ್ತದೆ ಎಂದು ನಿಧಾನವಾಗಿ ತೋರಿಸಿದ್ದೆ, ಅದು ತಂದದ್ದು 40. ಪರದೆ ಮೇಲೆ 4.8 ಮತ್ತು 3.2 ಕಂಡವು. ಯಾರಾದರೂ ಏನು ಮಾಡುತ್ತಾರೆ? ನಾನೂ ಅದನ್ನೇ ಮಾಡಿದೆ. ಎರಡನೆಯದನ್ನು ನಿಲ್ಲಿಸಿ ಅದರ ಬಜೆಟ್ಟನ್ನೂ ಮೊದಲನೆಯದಕ್ಕೆ ಸುರಿದೆ.

ಮೂರು ವಾರ ಕಳೆದ ಮೇಲೆ ಯಾವ ಆರ್ಡರು ಯಾವ ಜಾಹೀರಾತಿನಿಂದ ಬಂತೆಂದು ಹೇಳುವ `utm_content` ಗುರುತು ಮತ್ತು ಕೊರಿಯರಿನ ಸ್ಥಿತಿಯನ್ನು ಒಂದೇ ಹಾಳೆಗೆ ತಂದು ಹೊಂದಿಸಿದೆ. ಮೊದಲನೆಯದರ 60ರಲ್ಲಿ 22 ವಾಪಸ್, ಎರಡನೆಯದರ 40ರಲ್ಲಿ ಎರಡೇ ಎರಡು. ತಲುಪಿದ್ದು ಎರಡರಿಂದಲೂ 38! ಒಂದೇ ಖರ್ಚು, ಒಂದೇ ಮಾರಾಟ. ಮೊದಲನೆಯದು ಹೆಚ್ಚಿಗೆ ತಂದದ್ದು ಇಪ್ಪತ್ತು ವಾಪಸ್ ಪಾರ್ಸಲ್ ಮಾತ್ರ. ವೇದಿಕೆಗಂತೂ ಆರ್ಡರ್ ಒತ್ತಿದವರೆಲ್ಲ ಒಳ್ಳೆ ಗಿರಾಕಿಗಳೇ, ಹಾಗಾಗಿ ಅದು ಒತ್ತಿ ಮರೆಯುವಂಥವರನ್ನೇ ಮತ್ತೆ ಮತ್ತೆ ಹುಡುಕಿ ತಂದಿತು. ವಾಪಸ್ ಬರುವುದು ಎರಡು ಮೂರು ವಾರ ತಡವಾಗಿ, ಬಜೆಟ್ ತೀರ್ಮಾನವೋ ಮೂರನೇ ದಿನಕ್ಕೇ ಆಗಿರುತ್ತದೆ.

ಎಲ್ಲ ತಪ್ಪೂ ಗಿರಾಕಿಯದ್ದೂ ಅಲ್ಲ. "ಗ್ರಾಹಕರು ನಿರಾಕರಿಸಿದರು" ಅಂತ ಬಂದಿದ್ದ ಒಬ್ಬರಿಗೆ ಫೋನ್ ಮಾಡಿದೆ. "ಯಾರೂ ಬಂದೇ ಇಲ್ಲ ಕಣ್ರೀ, ನಾಲ್ಕು ದಿನದಿಂದ ಕಾಯ್ತಾ ಇದ್ದೀನಿ" ಅಂದರು. ಟ್ರ್ಯಾಕಿಂಗ್ ತೆರೆದು ನೋಡಿದರೆ ಬೇರೆ ಬೇರೆ ಬಡಾವಣೆಯ ಮೂರು ಪಾರ್ಸಲ್‌ಗೆ ರಾತ್ರಿ ಒಂದೇ ನಿಮಿಷದಲ್ಲಿ ನಿರಾಕರಣೆ ದಾಖಲಾಗಿದೆ. ಬಾಗಿಲು ತಟ್ಟದೆ ಬರೆದದ್ದು ಅಂತ ತಿಳಿಯಲು ಇನ್ನೇನು ಬೇಕು? ದೂರು ಕೊಟ್ಟೆ, "ಪರಿಶೀಲಿಸುತ್ತೇವೆ" ಅಂದರು, ಬಿಲ್ಲಿನಲ್ಲಿ ವಾಪಸಿನ ಖರ್ಚು ಹಾಗೇ ಬಂತು.

ಈಗ ಕ್ಯಾಶ್ ಆನ್ ಡೆಲಿವರಿ ಆರ್ಡರಿಗೆಲ್ಲ ಮೊದಲು ಫೋನ್ ಮಾಡಿ, ಹೂಂ ಅಂದರೆ ಮಾತ್ರ ಕಳಿಸುತ್ತಿದ್ದೇನೆ. `Purchase` ಕೂಡ ಆ ಫೋನ್ ಆದ ಮೇಲೆ ಸರ್ವರಿನಿಂದಲೇ ಹೋಗುವಂತೆ ಮಾಡಿಸಿದೆ. ವಾಪಸ್ ಬರುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಫೋನಲ್ಲಿ "ಕಳಿಸಿ, ಕಳಿಸಿ" ಅಂದು ಬಾಗಿಲಲ್ಲಿ ಬೇಡ ಅನ್ನುವವರಿಗೆ ಏನು ಮಾಡಲಿ? ದಿನಕ್ಕೆ ಎರಡು ಗಂಟೆ ಈ ಫೋನುಗಳಿಗೇ ಹೋಗುತ್ತಿದೆ, ಆ ಎರಡು ಗಂಟೆಯೂ ಯಾವ ರೋಆಸ್‌ನಲ್ಲೂ ಕಾಣುವುದಿಲ್ಲ. ನಿಲ್ಲಿಸಿದ್ದ ಆ ಎರಡನೇ ಜಾಹೀರಾತನ್ನು ನಿನ್ನೆ ಮತ್ತೆ ಶುರುಮಾಡಿದೆ. ಯಾರಿಗೆ ತೋರಿಸಬೇಕೆಂದು ವೇದಿಕೆ ಇನ್ನೂ "ಕಲಿಯುತ್ತಿದೆ" ಅಂತ ಪರದೆ ಮೇಲೆ ತೋರಿಸುತ್ತಿದೆ, ಮೊದಲಿನಿಂದ.