ಬೆಂದ ಪ್ಲೈವುಡ್

ಶಿವಮೊಗ್ಗದ ಗೋಪಾಳದಲ್ಲಿ ನಮ್ಮದೊಂದು ಪುಟ್ಟ ಫ್ಲ್ಯಾಟು. ಅಡುಗೆಮನೆ ಮಾಡಿಸುವಾಗ ತೀರ್ಥಹಳ್ಳಿಯ ಮಾವ, "ನಮ್ಮ ಆಚಾರಿಗೆ ಹೇಳಿ, ಕಣ್ಣೆದುರೇ ಮಾಡ್ತಾನೆ" ಅಂದಿದ್ದರು. ನಾನು ಕೇಳಲಿಲ್ಲ. ತಿಂಗಳುಗಟ್ಟಲೆ ಮರದ ಹೊಟ್ಟು ತಿನ್ನುವವರು ಯಾರು? ಮಾಡ್ಯುಲರ್‌ನವರು ಎರಡೇ ದಿನದಲ್ಲಿ ಜೋಡಿಸಿ ಹೋದರು. ತಳ್ಳಿದರೆ ಬಾಗಿಲು ತಾನೇ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು.

ಆರಿದ್ರಾ ಮಳೆ ಹಿಡಿಯಿತು. ಸಿಂಕಿನ ಕೆಳಗಿನ ಬಾಗಿಲು ಮುಚ್ಚಲೇ ಇಲ್ಲ. ಬಗ್ಗಿ ನೋಡಿದರೆ ತಳದ ಹಲಗೆ ಕಡುಬಿನ ಹಾಗೆ ಉಬ್ಬಿದೆ! ಬಾಗಿಲು ಎಳೆದೆ. ಹಿಂಜಸ್ಸು ಸ್ಕ್ರೂ ಸಮೇತ ಕೈಗೆ ಬಂತು. ತೂತಿನಲ್ಲಿ ಒದ್ದೆ ಪುಡಿ. ಕೊಟೇಶನ್‌ನಲ್ಲಿ 'ಬೋರ್ಡ್' ಅಂತಿತ್ತು, ಯಾವ ಬೋರ್ಡ್ ಅಂತ ನಾನು ಕೇಳಿರಲಿಲ್ಲ. ಪಾರ್ಟಿಕಲ್ ಬೋರ್ಡಂತೆ. ಅಂದರೆ ಮರದ ಪುಡಿಗೆ ಅಂಟು ಹಾಕಿ ಒತ್ತಿದ್ದು.

ಕೊನೆಗೆ ಆಚಾರ್ರೇ ಬಂದರು. ಸೋಮವಾರ ಬರ್ತೀನಿ ಅಂದಿದ್ದರು, ಯಾವ ಸೋಮವಾರ ಅಂತ ಹೇಳಿರಲಿಲ್ಲ ಅಷ್ಟೆ. ಟಾರ್ಚ್ ಬಿಟ್ಟು ತೋರಿಸಿದರು: "ನೋಡಿ ಸಾರ್, ಫ್ಯಾಕ್ಟರಿಯಲ್ಲಿ ಅಂಚಿಗೆಲ್ಲ ಪಟ್ಟಿ ಅಂಟಿಸಿದ್ದಾರೆ, ಚೆನ್ನಾಗಿದೆ. ವೇಸ್ಟ್ ಪೈಪಿಗೆ ತೂತು ಕೊರೆದಿದ್ದು ಮಾತ್ರ ಇಲ್ಲಿ. ಅದನ್ನ ಹಂಗೇ ಬಿಟ್ಟಿದ್ದಾರೆ." ಪೈಪಿನ ಮೇಲೆ ಜಾರಿದ ಒಂದೊಂದೇ ಹನಿಯನ್ನು ಹಲಗೆ ಆ ತೂತಿನಿಂದ ಕುಡಿದಿತ್ತು.

ಉಳಿದ ಡಬ್ಬಗಳು ಗಟ್ಟಿಯಾಗೇ ಇದ್ದವು, ಬದಲಾಯಿಸಲು ದುಡ್ಡೂ ಇರಲಿಲ್ಲ. ಸಿಂಕಿನದೊಂದೇ ಹೊಸದು ಅಂತ ತೀರ್ಮಾನವಾಯಿತು. ಅದಕ್ಕೆ 18 ಎಂಎಂ ದಪ್ಪದ, 8 ಅಡಿಗೆ 4 ಅಡಿಯ ಒಂದು ಶೀಟು ಸಾಕಾಯಿತು. ಅಂಗಡಿಯವನು '710' ಅಂದ. ಅದು ನೀರು ತಡೆಯುವ ಪ್ಲೈವುಡ್ಡಿನ ಐಎಸ್ ನಂಬರು. "ಸೀಲು ಈಗಲೇ ನೋಡ್ಕೊಳ್ಳಿ, ಮೈಕಾ ಅಂಟಿಸಿದ ಮೇಲೆ ನನಗೂ ಕಾಣಲ್ಲ" ಅಂದರು ಆಚಾರ್ರು.

ಸೀಲು ಸರಿಯಾಗೇ ಇತ್ತು. ಆದರೆ ಮಾವನಿಗೆ ಸೀಲಿನ ಮೇಲೂ ನಂಬಿಕೆ ಇಲ್ಲ. "ತುಂಡು ಬೇಯ್ಸಿ ನೋಡಿ." ನಿಯಮದ ಪ್ರಕಾರ 72 ಗಂಟೆ ಕುದಿಸಬೇಕಂತೆ. ನಮ್ಮ ಸಿಲಿಂಡರ್ ಲೆಕ್ಕದಲ್ಲಿ 4 ಗಂಟೆಗೆ ಒಪ್ಪಂದವಾಯಿತು. ಸಾರಿನ ಪಾತ್ರೆಯಲ್ಲಿ ಹೊಸ ಪ್ಲೈ ಒಂದು ತುಂಡು, ಹಳೇ ಹಲಗೆ ಒಂದು ತುಂಡು. ಪಕ್ಕದ ಮನೆಯವರು ಇಣುಕಿ, "ಕಳಲೆನಾ?" ಅಂದರು. ಹಳೇದು ಅರ್ಧ ಗಂಟೆಗೇ ಗಂಜಿಯಾಯಿತು. ಪ್ಲೈ ಪದರ ಬಿಡಲಿಲ್ಲ. ಮಾವ ಅದನ್ನು ಒರೆಸಿ ಜೇಬಿಗಿಟ್ಟುಕೊಂಡರು.

ಹೊಸ ಡಬ್ಬ ಪ್ಲಾಸ್ಟಿಕ್ ಕಾಲಿನ ಮೇಲೆ ನಿಂತಿತು. ತೂತಿನ ಅಂಚಿಗೆ ಆಚಾರ್ರು ಸಿಲಿಕೋನ್ ತುಂಬಿದರು. ಬಾಗಿಲುಗಳ ನಡುವಿನ ಸಂದಿ ಮಾತ್ರ ಮೇಲೆ ಎರಡು ಎಂಎಂ, ಕೆಳಗೆ ಐದು. ಜಿರಲೆಗೆ ಅಷ್ಟು ಸಾಕಲ್ವಾ?

ಆ ಪಾತ್ರೆಯಲ್ಲಿ ಸಾರು ಮಾಡಲು ನನ್ನಾಕೆ ಒಪ್ಪಲಿಲ್ಲ. ಈಗ ಅದು ಸಿಂಕಿನ ಕೆಳಗೆ, ಪೈಪಿನ ಹನಿ ಹಿಡಿಯುತ್ತಾ ಕೂತಿದೆ.