ಪಂಚಿಂಗ್‌ಗೆ ಮುಂಚಿನ ಇಪ್ಪತ್ತು ನಿಮಿಷ: ಕೂಲಿ ಸಲ್ಲಬೇಕೇ?

ದಾವಣಗೆರೆಯ ಹೊರವಲಯದಲ್ಲಿ ಒಂದು ಗಾರ್ಮೆಂಟ್ಸ್ ಘಟಕವಿದೆ ಎಂದುಕೊಳ್ಳೋಣ. ಪಾಳಿ ಬೆಳಿಗ್ಗೆ 9ರಿಂದ ಸಂಜೆ 5:30ರವರೆಗೆ. ಅರ್ಧ ಗಂಟೆ ಊಟದ ಬಿಡುವು ಕಳೆದರೆ ದಿನಕ್ಕೆ 8 ಗಂಟೆ, ಆರು ದಿನಕ್ಕೆ 48 ಗಂಟೆ. ಆದರೆ ಕಾರ್ಮಿಕರು 8:40ಕ್ಕೇ ಗೇಟಿನಲ್ಲಿರಬೇಕು. ಅಲ್ಲಿ ಬ್ಯಾಗು, ಊಟದ ಡಬ್ಬಿಗಳ ತಪಾಸಣೆ ನಡೆಯುತ್ತದೆ. ಆಮೇಲೆ ಮೊಬೈಲು ಒಪ್ಪಿಸಿ, ಏಪ್ರನ್ನು, ತಲೆಗವಸು ಹಾಕಿಕೊಂಡು ಲೈನಿನ ಮುಂದೆ ನಿಂತರೆ, ಸೂಪರ್‌ವೈಸರ್ ನಿನ್ನೆಯ ಹೊಲಿಗೆಯಲ್ಲಿನ ದೋಷಗಳನ್ನೂ ಇಂದಿನ ಟಾರ್ಗೆಟ್ಟನ್ನೂ ಹೇಳುತ್ತಾರೆ. ಇಷ್ಟೆಲ್ಲ ಆದ ಮೇಲೆ, ಸರಿಯಾಗಿ 9ಕ್ಕೆ, ಪಂಚಿಂಗ್.

ಪರ

ಆ ಇಪ್ಪತ್ತು ನಿಮಿಷ ಕಾರ್ಮಿಕರ ಕೈಯಲ್ಲಿರುವುದಿಲ್ಲ. ಗೇಟು ದಾಟಿದವರು ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋಗುವಂತಿಲ್ಲ. ಮನೆಯಿಂದ ಫೋನು ಬಂದರೂ ಗೊತ್ತಾಗುವುದಿಲ್ಲ. ಎಲ್ಲಿ ನಿಲ್ಲಬೇಕು, ಏನು ತೊಡಬೇಕು, ಯಾರ ಮಾತು ಕೇಳಬೇಕು ಎಂಬುದನ್ನೆಲ್ಲ ಆಡಳಿತವೇ ತೀರ್ಮಾನಿಸುವಾಗ, ಆ ಸಮಯವನ್ನು ಮಾತ್ರ ಕಾರ್ಮಿಕರ ಸ್ವಂತದ್ದೆನ್ನುವುದು ವಿಚಿತ್ರ.

ಲೆಕ್ಕ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ದಿನಕ್ಕೆ 20 ನಿಮಿಷವೆಂದರೆ ವಾರಕ್ಕೆ 2 ಗಂಟೆ. ವಾರದ 48 ಗಂಟೆ ಮೊದಲೇ ಭರ್ತಿಯಾಗಿರುವುದರಿಂದ ಈ 2 ಗಂಟೆ ಇಡಿಯಾಗಿ ಓ.ಟಿ. ಆಗಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮು ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ವಿಧಿಸಿತ್ತು. ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಹೆಚ್ಚುವರಿ ದುಡಿಮೆಗೆ ಆ ದುಪ್ಪಟ್ಟು ಉಳಿದಿದೆ. ತಿಂಗಳಿಗೆ 26 ದಿನವಾದರೆ 8 ಗಂಟೆ 40 ನಿಮಿಷ, ಅಂದರೆ ಒಂದು ಪೂರ್ತಿ ಪಾಳಿಗಿಂತ ಹೆಚ್ಚು. ಗಂಟೆಗೆ 60 ರೂಪಾಯಿ ಕೂಲಿ ಎಂದಿಟ್ಟುಕೊಂಡರೂ ಒಬ್ಬರಿಗೆ ತಿಂಗಳಿಗೆ 1,040 ರೂಪಾಯಿ ಸಲ್ಲಬೇಕಾಗುತ್ತದೆ.

ಕೆಲಸದ ಅವಧಿಯನ್ನು ಮೊದಲೇ ಬರೆದು ಸೂಚನಾ ಫಲಕದಲ್ಲಿ ಹಾಕಬೇಕು, ಅದಕ್ಕೆ ಹೊರತಾಗಿ ದುಡಿಸಬಾರದು ಎಂಬ ನಿಯಮವೂ ಆ ಕಾಯ್ದೆಯಲ್ಲಿತ್ತು. ಫಲಕದಲ್ಲಿ 9 ಗಂಟೆ ಎಂದು ಬರೆದು, 8:52ಕ್ಕೆ ಟಾರ್ಗೆಟ್ ಹೇಳಲು ನಿಲ್ಲಿಸಿಕೊಂಡು, ಆ ಸಾಲಿನಲ್ಲಿ ಇಲ್ಲದವರನ್ನು ತಡವಾಗಿ ಬಂದವರೆಂದು ಗುರುತು ಹಾಕಿದರೆ, ಕೆಲಸ ಯಾವಾಗ ಆರಂಭವಾಯಿತೆಂದು ಆಡಳಿತವೇ ಒಪ್ಪಿಕೊಂಡಂತಾಯಿತು.

ವಿರೋಧ

ಟಾರ್ಗೆಟ್ ಹೇಳುವ ಸಭೆಯ ವಿಷಯದಲ್ಲಿ ವಾದ ಮಾಡಲು ಏನೂ ಇಲ್ಲ. ಅದು ಕೆಲಸವೇ, ಪಂಚಿಂಗ್ ಅದಕ್ಕಿಂತ ಮೊದಲೇ ಆಗಬೇಕು. ತಕರಾರು ಇರುವುದು ಬಟ್ಟೆ ಬದಲಿಸುವ ಮತ್ತು ತಪಾಸಣೆಯ ನಿಮಿಷಗಳ ಬಗ್ಗೆ. ಹಾಜರಿದ್ದ ಮಾತ್ರಕ್ಕೆ ಅದು ದುಡಿಮೆಯೇ ಎಂಬ ಈ ಪ್ರಶ್ನೆಗೆ ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ ನೇರ ಉತ್ತರವಿರಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎರಡು ಬಾರಿ ಎರಡು ರೀತಿಯಲ್ಲಿ ತೀರ್ಮಾನಿಸಿದೆ. ಅದು ನಮಗೆ ಬದ್ಧವಲ್ಲ. ಆದರೂ ಅಲ್ಲಿ ಬಳಸಿದ ಅಳತೆಗೋಲು ಉಪಯುಕ್ತ. 1956ರಲ್ಲಿ ಬ್ಯಾಟರಿ ಕಾರ್ಖಾನೆಯ ಕಾರ್ಮಿಕರು ಬಟ್ಟೆ ಬದಲಿಸುವ, ಪಾಳಿ ಮುಗಿದ ಮೇಲೆ ಸ್ನಾನ ಮಾಡುವ ಸಮಯಕ್ಕೆ ಕೂಲಿ ಸಲ್ಲಬೇಕೆಂದು ಹೇಳಿತು, ಏಕೆಂದರೆ ಸೀಸ ಮತ್ತು ಆಮ್ಲದ ನಡುವೆ ದುಡಿಯುವವರು ಅದಿಲ್ಲದೆ ಆ ಕೆಲಸವನ್ನು ಸುರಕ್ಷಿತವಾಗಿ ಮಾಡಲಾರರು. 2014ರಲ್ಲಿ, ಪಾಳಿ ಮುಗಿದ ಮೇಲೆ ತಪಾಸಣೆಗಾಗಿ ಸುಮಾರು 25 ನಿಮಿಷ ಕಾಯಬೇಕಾಗುತ್ತದೆಂದ ಗೋದಾಮಿನ ಕಾರ್ಮಿಕರಿಗೆ ಕೂಲಿ ಇಲ್ಲವೆಂದಿತು. ಅವರನ್ನು ನೇಮಿಸಿಕೊಂಡದ್ದು ಸಾಮಾನು ತೆಗೆದು ಕಟ್ಟುವುದಕ್ಕೆ, ತಪಾಸಣೆ ಇಲ್ಲದೆಯೂ ಆ ಕೆಲಸ ನಡೆಯುತ್ತಿತ್ತು. ಈ ಅಳತೆಯಲ್ಲಿ ನಮ್ಮ ಘಟಕದ ಏಪ್ರನ್ನು ಯಾವ ಕಡೆ ಬೀಳುತ್ತದೆ? ಮನೆಯಲ್ಲೇ ಸೀರೆಯ ಮೇಲೆ ತೊಟ್ಟು ಬರಬಹುದಾದ ಏಪ್ರನ್ನಿಗೂ, ಆಮ್ಲ ಮೆತ್ತಿ ಮನೆಗೆ ಒಯ್ಯಲೇಬಾರದ ಉಡುಪಿಗೂ ಒಂದೇ ನಿಯಮ ಹಾಕುವುದು ನ್ಯಾಯವಲ್ಲ.

ಲೆಕ್ಕವಿಡುವ ತೊಡಕು ಇದಕ್ಕಿಂತ ದೊಡ್ಡದು. ಪಂಚಿಂಗ್ ಯಂತ್ರವನ್ನು ಗೇಟಿಗೇ ತಂದರೆ, ಜಗಳೂರಿನ ಬಸ್ಸಿನಲ್ಲಿ 8:15ಕ್ಕೇ ಬಂದು ನೆರಳಲ್ಲಿ ಕೂರುವವರಿಗೂ ಕೆಲಸ ಶುರುವಾದಂತೆ ದಾಖಲೆಯಾಗುತ್ತದೆ. ಓ.ಟಿ. ಬೆಳೆಯುವುದನ್ನು ಕಂಡ ಆಡಳಿತ 8:40ರವರೆಗೆ ಗೇಟನ್ನೇ ತೆರೆಯುವುದಿಲ್ಲ. ಒಳಗೆ ಕೂರುತ್ತಿದ್ದವರು ರಸ್ತೆಬದಿಯ ಬಿಸಿಲಿನಲ್ಲಿ ನಿಲ್ಲುತ್ತಾರೆ. ಇನ್ನು ಸಾಲಿನಲ್ಲಿ ಕಾಯುವ ಸಮಯ ಒಬ್ಬೊಬ್ಬರಿಗೆ ಒಂದೊಂದು: ಮೊದಲು ಬಂದವರಿಗೆ ಒಂದು ನಿಮಿಷ, ಕೊನೆಯವರಿಗೆ ಎಂಟು. ಎಲ್ಲರಿಗೂ ಒಂದೇ ಸರಾಸರಿ ಹಾಕಿದರೆ ಕೊನೆಯವರಿಗೆ ಕಡಿಮೆಯಾಗುತ್ತದೆ. ಕೊನೆಯವರ ಅಳತೆ ಹಾಕಿದರೆ ಎಲ್ಲರೂ ನಿಧಾನವಾಗಿ ಬರುತ್ತಾರೆ. ಆದ್ದರಿಂದ ಸಭೆಯನ್ನು 9ಕ್ಕೆ ಪಂಚಿಂಗ್ ಆದ ಮೇಲೆ ನಡೆಸಿ, ಗೇಟಿನಲ್ಲಿ ಇನ್ನಿಬ್ಬರು ಮಹಿಳಾ ಸೆಕ್ಯುರಿಟಿಯವರನ್ನು ಹಾಕಿ ಕಾಯುವಿಕೆಯನ್ನೇ ಎರಡು ಮೂರು ನಿಮಿಷಕ್ಕೆ ಇಳಿಸುವುದು, ಆ ನಿಮಿಷಗಳಿಗೆ ಬೆಲೆ ಕಟ್ಟಿ ಪ್ರತಿ ತಿಂಗಳೂ ಜಗಳವಾಡುವುದಕ್ಕಿಂತ ಮೇಲು.