ರಾಗಿ ಮುದ್ದೆಯ ಪ್ರೋಟೀನ್ ಮತ್ತು ದಶಮಾಂಶದ ಅಂಕಿಗಳು

"75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 5.37 ಗ್ರಾಂ ಪ್ರೋಟೀನ್ ಎಂದು ಬರೆಯಬಹುದೇ?"

ಬರೆಯದಿರುವುದೇ ಲೇಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕವು 100 ಗ್ರಾಂ ರಾಗಿಗೆ 7.16 ಗ್ರಾಂ ಪ್ರೋಟೀನ್ ಎಂದು ಕೊಟ್ಟು, ಪಕ್ಕದಲ್ಲೇ ±0.63 ಎಂಬ ಏರುಪೇರನ್ನೂ ನಮೂದಿಸಿದೆ. 75 ಗ್ರಾಂ ಹಿಟ್ಟಿಗೆ ಅದು ಸುಮಾರು ಅರ್ಧ ಗ್ರಾಂ ಆಗುವುದರಿಂದ, ದಶಮಾಂಶದ ನಂತರದ ಎರಡನೆಯ ಅಂಕಿಗೆ ಅರ್ಥವೇ ಉಳಿಯುವುದಿಲ್ಲ, ಮೊದಲನೆಯದೂ ಅನುಮಾನವೇ. "ಸುಮಾರು 5 ಗ್ರಾಂ" ಎಂದರೆ ಸಾಕು. ಆದರೆ ಲೆಕ್ಕದ ನಡುವೆ ಅಂಕಿಗಳನ್ನು ಕತ್ತರಿಸಬಾರದು: ಅಂತಹ ಮೂರು ಮುದ್ದೆಗಳಿಗೆ 16.11, ಅಂದರೆ 16 ಗ್ರಾಂ ಬರುತ್ತದೆ. ಮೊದಲೇ 5 ಎಂದು ಮಾಡಿಕೊಂಡು ಕೂಡಿದರೆ 15ಕ್ಕೇ ನಿಲ್ಲುತ್ತದೆ. ಅಡುಗೆಮನೆಯ ತಕ್ಕಡಿ 0.1 ಗ್ರಾಂವರೆಗೆ ತೋರಿಸುತ್ತದೆ ಎಂಬ ವಾದವೂ (ಇದನ್ನು ಹಲವರು ಹೂಡುತ್ತಾರೆ) ಇಲ್ಲಿ ನಿಲ್ಲದು, ಏಕೆಂದರೆ ಏರುಪೇರು ಇರುವುದು ತೂಕದಲ್ಲಲ್ಲ, ರಾಗಿಯಲ್ಲೇ.